ಹತ್ತರಿಂದ ಎರಡರವರೆಗೆ

"ಎಲ್ಲರ ಗಮನಕ್ಕೆ. ಬರುವ ಶನಿವಾರ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ನಮ್ಮ ಪ್ರವೇಶ ಕಾರ್ಡು ಮತ್ತು ಸಂದರ್ಶಕರ ವ್ಯವಸ್ಥೆಯ ಡೇಟಾಬೇಸನ್ನು ಹೊಸ ಆವೃತ್ತಿಗೆ ಏರಿಸುತ್ತೇವೆ. ಆ ಹೊತ್ತಿನಲ್ಲಿ ಹೊಸ ಕಾರ್ಡು ಕೊಡಲು ಆಗುವುದಿಲ್ಲ. ಹಳೆಯ ಕಾರ್ಡು ರದ್ದು ಮಾಡಲು ಆಗುವುದಿಲ್ಲ. ಸಂದರ್ಶಕರ ಫೋಟೋ ಮತ್ತು ನೋಂದಣಿ ತೆರೆಯುವುದಿಲ್ಲ. ಗೇಟಿನಲ್ಲಿ ಕಾಗದದ ಪುಸ್ತಕ ಬಳಸಿ. ಬಾಗಿಲುಗಳು ಎಂದಿನಂತೆ ಕೆಲಸ ಮಾಡುತ್ತವೆ. ಕೊನೆಯ ಸಲ ಕಳಿಸಿದ ಪಟ್ಟಿ ಅವುಗಳೊಳಗೇ ಉಳಿದಿರುವುದರಿಂದ ನಿಮ್ಮ ನಿಮ್ಮ ಕಾರ್ಡಿಗೆ ತೆರೆದುಕೊಳ್ಳುತ್ತವೆ. ಕಾರ್ಡಿನ ಬದಲಾವಣೆ ಏನಿದ್ದರೂ ಶುಕ್ರವಾರ ಸಂಜೆ ಆರರೊಳಗೆ ಕಳಿಸಿ. ಆಮೇಲೆ ಬಂದದ್ದನ್ನು ಶನಿವಾರ ಕೆಲಸ ಮುಗಿದ ಮೇಲೆ ನೋಡುತ್ತೇವೆ. ತೀರಾ ತುರ್ತಾದರೆ ನನಗೆ ಫೋನ್ ಮಾಡಿ. ಶುರುವಿಗೆ ಮುಂಚೆ ಪೂರ್ತಿ ನಕಲು ತೆಗೆದಿಡುತ್ತೇವೆ. ಹೊಸದು ಸರಿ ಹೋಗದಿದ್ದರೆ ಹಳೆಯದಕ್ಕೇ ಮರಳುತ್ತೇವೆ. ಕೆಲಸದ ಹೊಣೆ: ಮಾಧುರಿ, ಮೂರನೇ ಮಹಡಿ, ಹಿಂದಿನ ಮೆಟ್ಟಿಲ ಪಕ್ಕದ ಕೋಣೆ."

ಸಂದೇಶ ಬಂದದ್ದು ಬುಧವಾರ, ಇಂಗ್ಲಿಷಿನಲ್ಲಿ, ಕಂಪನಿಯ ಎಲ್ಲರಿಗೂ. ಯೆರವಡಾದ ಆ ಗಾಜಿನ ಕಟ್ಟಡದ ಕಾವಲು ಮೇಜಿನಲ್ಲಿ ಕೂರುವ ಬಸವಪ್ರಭು ಅದನ್ನು ಕನ್ನಡ ಮಾಡಿ ಪಾರವ್ವನಿಗೆ ಓದಿ ಹೇಳಿದ. ಅವನು ಬೈಲಹೊಂಗಲದ ಕಡೆಯವನು, ಪಾರವ್ವ ರಾಯಬಾಗದ ಕಡೆಯವಳು. ಹೊರಗೆಲ್ಲ ಮರಾಠಿ ಆಡಿ ಆಡಿ ಬಾಯಿ ದಣಿದಾಗ ಇಬ್ಬರೂ ಆ ಮೇಜಿನ ಹತ್ತಿರ ಕನ್ನಡ ಆಡಿಕೊಳ್ಳುತ್ತಿದ್ದರು.

"ಇನ್ನೊಮ್ಮಿ ಓದೋ ತಮ್ಮಾ," ಎಂದಳು ಪಾರವ್ವ.

"ಯಾಕ ಬೇ, ನೀ ಏನ್ ಪರೀಕ್ಷಾ ಬರ್ಯಾಕಿ ಏನು?"

"ನಿನಗ ಕಣ್ಣ ಐತಿ, ಬೇಕಾದಾಗ ನೋಡ್ತಿ. ನನಗ ಕಿವಿ ಒಂದ ಐತಿ. ಓದು."

ಅವನು ನಕ್ಕು ಇನ್ನೊಂದು ಸಲ ಓದಿದ. ಪಾರವ್ವ ಎರಡನೆಯ ಇಯತ್ತೆಯವರೆಗೂ ಹೋದವಳಲ್ಲ. ಸಹಿ ಮಾಡಲು ಬರುತ್ತಿತ್ತು, ಅಷ್ಟೆ. ಆದರೆ ಒಮ್ಮೆ ಕೇಳಿದ್ದು ಅವಳ ತಲೆಯಲ್ಲಿ ಗಂಟು ಹಾಕಿದಂತೆ ಕೂರುತ್ತಿತ್ತು. ಕೇಳುವುದನ್ನು ಅವಳಿಗೆ ಕಲಿಸಿದ್ದು ಶಾಲೆಯಲ್ಲ, ಗಂಡ.

ಹದಿನೇಳಕ್ಕೆ ಮದುವೆಯಾಗಿ ಪುಣೆಗೆ ಬಂದಳು. ಗಂಡ ಮಾಂತು ಕಟ್ಟಡದ ಕೆಲಸದಲ್ಲಿದ್ದ. ವಾರಕ್ಕೆ ಎರಡು ಸಲವಾದರೂ ಹೊಡೆಯುತ್ತಿದ್ದ. ಸಾರಿಗೆ ಉಪ್ಪು ಹೆಚ್ಚಾದರೆ ಹೊಡೆಯುತ್ತಿದ್ದ, ಪಕ್ಕದವರ ಜೊತೆ ನಕ್ಕರೆ ಹೊಡೆಯುತ್ತಿದ್ದ, ಕಾರಣ ಸಿಗದಿದ್ದರೆ ಅದಕ್ಕೂ ಹೊಡೆಯುತ್ತಿದ್ದ. ಗಲ್ಲಿಯ ಕೊನೆಯಲ್ಲಿ ಅವನ ಚಪ್ಪಲಿಯ ಸಪ್ಪಳ ಕೇಳಿದರೆ ಸಾಕು, ಇವತ್ತು ಹೊಡೆತವೋ ಊಟವೋ ಎಂದು ಅವಳಿಗೆ ತಿಳಿಯುತ್ತಿತ್ತು. ಬೇಗ ಬೇಗ ಬಂದರೆ ಹಸಿವು. ನಿಧಾನವಾಗಿ, ಒಂದೊಂದೇ ಹೆಜ್ಜೆ ಊರಿ ಬಂದರೆ ಹೊಡೆತ. ಒಂದು ಮಧ್ಯಾಹ್ನ ಅವಳ ಎಡಗೈಯ ಎರಡು ಬೆರಳನ್ನು ಬಾಗಿಲ ಸಂದಿಯಲ್ಲಿಟ್ಟು ಬಾಗಿಲು ಹಾಕಿದ. ಆ ದಿನ ಪಾರವ್ವ ಬಲಗೈಯಿಂದ ಸ್ಟವ್ವಿನ ಮೇಲಿದ್ದ ಬಿಸಿ ಹಂಚು ಎತ್ತಿ ಅವನ ಮುಖಕ್ಕೆ ಒತ್ತಿದಳು. ಅವನು ಅರಚುತ್ತ ಓಡಿದವನು ತಿರುಗಿ ಬರಲಿಲ್ಲ. ಬಾಗಿಲಲ್ಲಿ ನಿಂತು ಎಲ್ಲ ನೋಡಿದ ಅತ್ತೆ ಮಗನ ಹಿಂದೆ ಹೋಗದೆ ಸೊಸೆಯ ಕೈಗೆ ಅರಿಶಿನ ಕಟ್ಟಿದಳು. ಅಂದಿನಿಂದ ಇಬ್ಬರೂ ಹೆಂಗಸರು ಅದೇ ಒಂದು ಖೋಲಿಯಲ್ಲಿದ್ದಾರೆ. ಪಾರವ್ವ ಮೊದಲು ಕಸ ಹೊಡೆದಳು, ಆಮೇಲೆ ಖಾಕಿ ಅಂಗಿ ತೊಟ್ಟು ಕಾವಲಿಗೆ ನಿಂತಳು. ಎಡಗೈಯ ಆ ಎರಡು ಬೆರಳು ಇಂದಿಗೂ ಮಡಚುವುದಿಲ್ಲ.

ಸಂದೇಶ ಬರೆದ ಮಾಧುರಿ ಧಾರವಾಡದವಳು. ದಿನಾ ಬೆಳಿಗ್ಗೆ ಒಳಗೆ ಬರುವಾಗ "ಪಾರವ್ವಾ, ನಾಷ್ಟಾ ಆತೇನ್ರಿ?" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದಳು. ಅವಳ ಗಂಡ ವಿಕ್ರಮನೂ ಅದೇ ಕಂಪನಿಯಲ್ಲಿ, ಬೇರೆ ವಿಭಾಗದಲ್ಲಿದ್ದ. ಬೇಸಿಗೆಯಲ್ಲೂ ಅವಳು ಉದ್ದ ತೋಳಿನ ಅಂಗಿ ಹಾಕುತ್ತಿದ್ದುದನ್ನು ಪಾರವ್ವ ಗಮನಿಸಿದ್ದಳು. ಒಂದು ತಿಂಗಳ ಹಿಂದೆ ಮಾಧುರಿ ಮನೆ ಬಿಟ್ಟು ಶಿವಾಜಿನಗರದ ಹೆಣ್ಣುಮಕ್ಕಳ ಹಾಸ್ಟೆಲ್ ಸೇರಿದಳು. ಈ ಸಂದೇಶ ಬರುವ ಎರಡು ದಿನ ಮುಂಚೆ, ಸೋಮವಾರ, ವಿಕ್ರಮ ಪಾರ್ಕಿಂಗಿನಲ್ಲಿ ಎಲ್ಲರೆದುರು ಅವಳ ಕೂದಲು ಹಿಡಿದು ಮುಖವನ್ನು ಕಾರಿನ ಗಾಜಿಗೆ ಬಡಿದ. ಬಿಡಿಸಿದವಳು ಪಾರವ್ವ. ಮಾಧುರಿಯ ತುಟಿ ಒಡೆದು ಪಾರವ್ವನ ಖಾಕಿ ತೋಳಿಗೆ ರಕ್ತ ಹತ್ತಿತ್ತು.

ಕಂಪನಿ ವಿಚಾರಣೆ ಮಾಡಿ ಶುಕ್ರವಾರ ಸಂಜೆ ಆರೂವರೆಗೆ ವಿಕ್ರಮನ ಕೈಗೆ ಕೆಲಸದಿಂದ ತೆಗೆದ ಪತ್ರ ಕೊಟ್ಟಿತು. ಕಾರ್ಡು ಕೇಳಿದರೆ, ಮನೆಯಲ್ಲಿ ಬಿಟ್ಟಿದ್ದೇನೆ, ಕೊರಿಯರ್ ಮಾಡುತ್ತೇನೆ ಎಂದ. ಸಿಬ್ಬಂದಿ ವಿಭಾಗದ ನೀಲಿಮಾ ಅವನ ಕಾರ್ಡು ರದ್ದು ಮಾಡಿರೆಂದು ಏಳು ಗಂಟೆಗೆ ಕಾವಲು ಮೇಜಿಗೆ ಮೇಲ್ ಕಳಿಸಿ ಮನೆಗೆ ಹೋದಳು. ಆರು ಗಂಟೆ ದಾಟಿತ್ತು. ತುರ್ತಿದ್ದರೆ ಫೋನ್ ಮಾಡಿ ಎಂದು ಸಂದೇಶದಲ್ಲಿತ್ತು. ಆದರೆ ಫೋನ್ ಮಾಡಬೇಕಿದ್ದುದು ಮಾಧುರಿಗೆ. ಗಂಡನ ಕೆಲಸ ಹೋಯಿತು, ಅವನ ಕಾರ್ಡು ನೀನೇ ಕತ್ತರಿಸು ಎಂದು ಹೆಂಡತಿಗೆ ಹೇಗೆ ಹೇಳುವುದು? ನೀಲಿಮಾಳಿಗೆ ಬಾಯಿ ಬರಲಿಲ್ಲ. ಸೂಕ್ಷ್ಮ ವಿಷಯ, ಸೋಮವಾರ ನೋಡಿದರಾಯಿತು ಎಂದುಕೊಂಡಳು.

ಶನಿವಾರ ಕಟ್ಟಡ ಖಾಲಿ ಹೊಡೆಯುತ್ತಿತ್ತು. ಮಾಧುರಿ ಒಂಬತ್ತಕ್ಕೇ ಬಂದು ಮೇಲೆ ಹೋಗಿದ್ದಳು. ತುಟಿಯ ಗಾಯ ಕಪ್ಪಾಗಿತ್ತು. ಕಾವಲಿಗೆ ಮೂವರೇ: ಮುಂದಿನ ಗೇಟಿನಲ್ಲಿ ಪಾಳಿಯ ಮುಖ್ಯಸ್ಥ ಸ್ವಪ್ನಿಲ್, ಮೇಜಿನಲ್ಲಿ ಬಸವಪ್ರಭು, ಓಡಾಡಲು ಪಾರವ್ವ. ಹತ್ತೂಮುಕ್ಕಾಲಿಗೆ ಬಸವಪ್ರಭು ಆಕಳಿಸುತ್ತ, ಎರಡರ ನಂತರ ಮಾಡಬೇಕಾದ ಕೆಲಸಗಳನ್ನು ಗಟ್ಟಿಯಾಗಿ ಓದುತ್ತಿದ್ದ. "ಇಬ್ಬರು ಹೊಸಬರಿಗೆ ಕಾರ್ಡು... ಒಬ್ಬರದು ಕಳದೈತಿ... ವಿಕ್ರಮ ಸಾಹೇಬ್ರದು ರದ್ದು..."

ಪಾರವ್ವನ ಕೈಯಲ್ಲಿದ್ದ ಚಹಾ ಅಲ್ಲೇ ನಿಂತಿತು.

"ಏನಂದಿ? ಆ ಮುಂಡೇಗಂಡನ ಕಾರ್ಡು ಇನ್ನ ಜೀವಂತ ಐತಿ?"

"ನಿನ್ನೆ ಏಳಕ್ಕ ಮೇಲ್ ಬಂದೈತಿ. ಆರರ ಮ್ಯಾಲ ಬಂದದ್ದು ಶನಿವಾರ ಕೆಲಸ ಮುಗದ ಮ್ಯಾಲ ಅಂತ ಮಾಧುರಿ ಬಾಯಾರ ಬರದಾರಲ್ಲ. ಹಂಗ ಇಟ್ಟೀನಿ."

"ಬಾಗಲಕ್ಕ ಗೊತ್ತಿಲ್ಲಾ ಅಂದಂಗಾತು."

"ಬಾಗಲಕ್ಕ ಹಳೇ ಪಟ್ಟಿನ ಗೊತ್ತು. ಎರಡರ ತನಕ ಅದರ ಕಣ್ಣಾಗ ಆತ ನೌಕರನ."

"ಈ ಸಂದೇಶ ಬುಧವಾರ ಯಾರ್ಯಾರಿಗೆ ಹೋಗೈತಿ?"

"ಎಲ್ಲಾರ್ಗೂ ಬೇ."

"ಅವಂಗೂ?"

ಬಸವಪ್ರಭು ಸಂದೇಶ ಮತ್ತೆ ತೆರೆದು, ಅದು ಹೋದವರ ಪಟ್ಟಿಯಲ್ಲಿ ವಿಕ್ರಮನ ಹೆಸರಿನ ಮೇಲೆ ಬೆರಳಿಟ್ಟ. ಯಾವ ದಿನ, ಯಾವ ಹೊತ್ತು, ಯಾವ ಮಹಡಿ, ಯಾವ ಕೋಣೆ, ಕಾರ್ಡು ಯಾವ ಗಳಿಗೆಯಲ್ಲಿ ಸಾಯುವುದಿಲ್ಲ — ಎಲ್ಲವನ್ನೂ ಹೆಂಡತಿಯೇ ಬರೆದು ಗಂಡನಿಗೆ ಕಳಿಸಿದ್ದಳು.

ಪಾರವ್ವ ಮೂರನೇ ಮಹಡಿ ಹತ್ತಿದಳು. ಮಾಧುರಿ ಪರದೆಯ ಮುಂದೆ ಕೂತಿದ್ದಳು. ಸಾಲು ಸಾಲು ಅಕ್ಷರ ಮೇಲಕ್ಕೆ ಓಡುತ್ತಿದ್ದವು. ವಿಷಯ ಕೇಳಿ ಅವಳ ಮುಖ ಬಿಳುಚಿತು, ಆಮೇಲೆ ಕೆಂಪಾಯಿತು.

"ನನಗ ಒಂದು ಫೋನ್ ಮಾಡಿದ್ದರ ನಿನ್ನೆ ರಾತ್ರಿನ ಕತ್ತರಸ್ತಿದ್ದೆ. ಎರಡು ನಿಮಿಷದ ಕೆಲಸ ಇತ್ತು."

"ಈಗ ಆಗೂದಿಲ್ಲೇನ್ರಿ?"

"ಈಗ ಹಳೇದನ್ನ ಬಂದ್ ಮಾಡೀನಿ, ಹೊಸಾದು ಇನ್ನೂ ಎದ್ದಿಲ್ಲ. ಮನಿ ಬದ್ಲಿ ಮಾಡ್ತಾರಲ್ಲ, ಸಾಮಾನು ಅರ್ಧ ಗಾಡಿಯೊಳಗದ. ತಿರುಗಿ ಹಳೇದಕ್ಕ ಹೋಗಬೇಕಂದ್ರ ನಕಲಿನಿಂದ ಎಲ್ಲಾ ಮತ್ತ ತುಂಬಬೇಕು, ಅದೂ ಎರಡು ತಾಸು."

"ಹಂಗಾರ ನೀವ ಎದ್ದು ಹೋಗ್ರಿ."

"ಪ್ರಣವ ಅಂತ ನನ್ನ ಜೋಡಿಯವ ಮನಿಯಿಂದ ನೋಡ್ಲಿಕ್ಕೆ ಹತ್ಯಾನ ಖರೆ. ಆದ್ರ ನಡುವ ಎಲ್ಲೆರ ನಿಂತ್ರ ಎಬ್ಬಸಾಕಿ ನಾನ." ಮಾಧುರಿ ಒಡೆದ ತುಟಿಯನ್ನು ನಾಲಿಗೆಯಿಂದ ಮುಟ್ಟಿದಳು. "ಮತ್ತ ಕೇಳ್ರಿ ಪಾರವ್ವಾ. ಮನಿ ಬಿಡಿಸಿದ. ಇದೊಂದು ಕುರ್ಚಿ ಉಳದದ. ಇದನ್ನ ಬಿಟ್ಟು ಓಡೂದಿಲ್ಲ."

ಪಾರವ್ವನಿಗೆ ಆ ಮಾತು ಅರ್ಥವಾಯಿತು. ವಾದ ಮಾಡಲಿಲ್ಲ.

ಕೆಳಗೆ ಬಂದು, ಹಿಂದಿನ ಮೆಟ್ಟಿಲ ಬುಡದಲ್ಲಿ ಗಲ್ಲಿಗೆ ತೆರೆಯುವ ಬಾಗಿಲಿಗೆ ಸರಪಳಿ ಹಾಕೋಣವೆಂದಳು. ಬೆಂಕಿ ಬಿದ್ದರೆ ಹೊರಗೋಡುವ ದಾರಿ ಅದು, ಸರಪಳಿ ಹಾಕಿದರೆ ಜೈಲು ಎಂದ ಸ್ವಪ್ನಿಲ್. ಕರೆಂಟು ತೆಗೆಯೋಣವೆಂದರೆ, ಕರೆಂಟು ಹೋದೊಡನೆ ಆ ಅಯಸ್ಕಾಂತದ ಬೀಗ ತಾನಾಗಿ ಬಿಡುತ್ತದೆ ಎಂದ ಬಸವಪ್ರಭು. ಬಾಗಿಲು ನಡೆಸುವ ಪೆಟ್ಟಿಗೆಗೆ ಬೀಗವಿತ್ತು. ಕೀಲಿ ಅದನ್ನು ಕೂರಿಸಿದ ಕಂಪನಿಯವನ ಹತ್ತಿರ, ಅವನು ಬರುವುದು ಸೋಮವಾರ. ಮ್ಯಾನೇಜರ್ ಫೋನ್ ಎತ್ತಲಿಲ್ಲ. ಪೊಲೀಸರಿಗೆ ಏನೆಂದು ಹೇಳುವುದು? ಇನ್ನೂ ಏನೂ ಆಗಿರಲಿಲ್ಲ.

"ಮಾವಶಿ, ಉಗಾಚ್ ಘಾಬರು ನಕಾ," ಎಂದ ಸ್ವಪ್ನಿಲ್. ಸುಮ್ಮನೆ ಹೆದರಬೇಡ ಎಂದು. "ಓದಿದ ಮನುಷ್ಯ ಅವನು, ಹಾಡಹಗಲೇ ಬರುತ್ತಾನೆಯೇ?"

"ಸೋಮವಾರ ಗಾಜಿಗೆ ಮಾರಿ ಬಡದಾಗ ಸೂರ್ಯಾ ಮುಳಗಿದ್ನೇನು?" ಎಂದು ಪಾರವ್ವ ಕನ್ನಡದಲ್ಲೇ ಅಂದು, ತನ್ನ ಲಾಠಿ, ಒಂದು ಸ್ಟೂಲು, ವಾಕಿಟಾಕಿ ತೆಗೆದುಕೊಂಡು ಹಿಂದಿನ ಮೆಟ್ಟಿಲ ಮೂರನೇ ಮಹಡಿಯ ಬಾಗಿಲ ಮುಂದೆ ಹೋಗಿ ಕೂತಳು. ಸೀಟಿ ಊದಿದರೆ ಓಡಿ ಬರಬೇಕು, ಆ ಕೂಡಲೇ ಪೊಲೀಸರಿಗೆ ಫೋನ್ ಮಾಡಬೇಕು ಎಂದು ಬಸವಪ್ರಭುವಿನಿಂದ ಆಣೆ ಮಾಡಿಸಿಕೊಂಡಿದ್ದಳು.

ಹನ್ನೊಂದಾಯಿತು, ಹನ್ನೆರಡಾಯಿತು. ಮೆಟ್ಟಿಲಲ್ಲಿ ಫಿನಾಯಿಲ್ ವಾಸನೆ. ಬೆನ್ನ ಹಿಂದೆ ಬಾಗಿಲಾಚೆ ಮಾಧುರಿ ಫೋನಿನಲ್ಲಿ ಪ್ರಣವನಿಗೆ ಏನೋ ಹೇಳುವುದು ಕೇಳುತ್ತಿತ್ತು. ಪಾರವ್ವ ನೀರು ಕುಡಿಯಲಿಲ್ಲ, ಕುಡಿದರೆ ಏಳಬೇಕಾಗುತ್ತಿತ್ತು.

ಒಂದು ಗಂಟೆಗೆ ಐದು ನಿಮಿಷವಿದ್ದಾಗ ಕೆಳಗೆ ಬಾಗಿಲು 'ಟುಂಯ್' ಎಂದಿತು. ಯಾರದೋ ಕಾರ್ಡಿಗೆ ಹಸಿರು ಬಂದ ಸದ್ದು.

ಹೆಜ್ಜೆ ಶುರುವಾಯಿತು. ನಿಧಾನ. ಒಂದೊಂದೇ ಊರಿ ಊರಿ. ನಡುನಡುವೆ ಕಬ್ಬಿಣ ಕಟಾಂಜನಕ್ಕೆ ತಾಗಿ 'ಠಣ್' ಅನ್ನುತ್ತಿತ್ತು. ಪಾರವ್ವನ ಮಡಚದ ಬೆರಳು ತಾವಾಗಿಯೇ ನೋಯತೊಡಗಿದವು. ಅವಳು ಎದ್ದು ಸೀಟಿಯನ್ನು ಹಲ್ಲಲ್ಲಿ ಕಚ್ಚಿ, ವಾಕಿಟಾಕಿಯ ಗುಂಡಿ ಒತ್ತಿ, ಎದೆಯಲ್ಲಿದ್ದ ಉಸಿರೆಲ್ಲ ಊದಿದಳು.

ವಿಕ್ರಮ ತಿರುವಿನಲ್ಲಿ ಕಂಡ. ತಲೆಗೆ ಹೆಲ್ಮೆಟ್, ಕೈಯಲ್ಲಿ ಚಕ್ರ ಬಿಚ್ಚುವ ಉದ್ದನೆಯ ಪಾನಾ.

"ಸೀಟಿ ಊದಿ ಯಾರ್ನ ಕರೀತಿ? ಸರೀ ಆಚೆ, ಮುದುಕಿ."

"ಎಲ್ಲಿಗಿ ಹೊಂಟೀರಿ ಸಾಹೇಬ್ರ?"

"ನನ್ನ ಹೆಂಡ್ತಿ ಜೋಡಿ ಮಾತಾಡೂದದ."

"ಮಾತಾಡಾಕ ಪಾನಾ ಯಾಕ ಬೇಕ್ರಿ?"

ಅವನು ನಕ್ಕ. ಕೊರಳಪಟ್ಟಿಯಲ್ಲಿ ನೇತಾಡುತ್ತಿದ್ದ ಕಾರ್ಡು ಎತ್ತಿ ತೋರಿಸಿದ. "ಎರಡರ ತನಕ ನನ್ನ ಯಾವ ಬಾಗಲಾನೂ ತಡಿಯೂದಿಲ್ಲ. ಆಕೀನ ಬರದು ಕಳಿಸ್ಯಾಳ. ಓದಾಕ ಬರ್ತದೇನು ನಿನಗ?"

"ಕೇಳಾಕ ಬರ್ತೈತಿ," ಎಂದಳು ಪಾರವ್ವ.

ಅವನು ಅವಳ ಭುಜದ ಮೇಲಿಂದ ಕೈ ಚಾಚಿ ಕಾರ್ಡು ಹಿಡಿದ. ಹಸಿರು ಬಂತು, ಬೀಗ ಬಿಟ್ಟಿತು. ಬಾಗಿಲು ಮೆಟ್ಟಿಲ ಕಡೆಗೇ ತೆರೆಯುವಂಥದ್ದು. ಪಾರವ್ವ ಬೆನ್ನು ಕೊಟ್ಟು ಅದನ್ನು ಮುಚ್ಚಿ ನಿಂತಳು. ಪಾನಾ ಮೊದಲ ಸಲ ಬೀಸಿ ಬಂದಾಗ ತಲೆ ಉಳಿಸಲು ಎಡಗೈ ಎತ್ತಿದಳು. ಮುಂಗೈಯ ಎಲುಬು ಮುರಿದದ್ದು ಕಟ್ಟಿಗೆ ಮುರಿದ ಹಾಗೆ ಅವಳ ಕಿವಿಗೇ ಕೇಳಿತು. ಎರಡನೆಯ ಏಟು ಭುಜಕ್ಕೆ ಬಿತ್ತು. ಹೆಲ್ಮೆಟ್ಟಿನ ತಲೆಗೆ ಹೊಡೆದು ಉಪಯೋಗವಿಲ್ಲವೆಂದು ಅವಳಿಗೆ ಗೊತ್ತಿತ್ತು. ಬಲಗೈಯ ಲಾಠಿಯನ್ನು ಕೆಳಗಿನಿಂದ ಬೀಸಿ ಅವನ ಮೊಣಕಾಲ ಚಿಪ್ಪಿಗೆ ಹೊಡೆದಳು.

ಅವನು ಮುಗ್ಗರಿಸಿದ. ಅವಳು ಲಾಠಿ ಬಿಟ್ಟು ಅವನ ಕೊರಳಪಟ್ಟಿಗೆ ಕೈ ಹಾಕಿ ಸುತ್ತಿಕೊಂಡಳು. ಇಬ್ಬರೂ ಉರುಳಿದರು. ಹನ್ನೆರಡು ಮೆಟ್ಟಿಲು. ಒಂದು ಮೆಟ್ಟಿಲಿಗೆ ಅವಳ ಸೊಂಟ, ಒಂದಕ್ಕೆ ಅವನ ಬೆನ್ನು. ಅವಳ ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ತಿರುವಿನ ನೆಲದಲ್ಲಿ ಹೆಲ್ಮೆಟ್ ಸಿಡಿದು ಬೇರೆಯಾಯಿತು. ಅವನು ಕೈ ಚಾಚಿ ಪಾನಾ ತಡಕುತ್ತಿದ್ದ. ಲಾಠಿಯೂ ಉರುಳಿ ಬಂದು ಅವಳ ಮೊಣಕಾಲ ಹತ್ತಿರ ಬಿದ್ದಿತ್ತು. ಅವಳು ಅದನ್ನೆತ್ತಿ ಅವನ ಕೈಬೆರಳ ಮೇಲೆ ಹೊಡೆದಳು. ಅವನು ಅರಚಿದ. ಪಾನಾ ಮೆಟ್ಟಿಲಿಳಿದು ಹೋಯಿತು. ಮತ್ತೆ ಹೊಡೆದಳು, ಅದೇ ಬೆರಳಿಗೆ. ಮೂರನೆಯದು ಬೇಕಿರಲಿಲ್ಲ, ಅವನು ಆಗಲೇ ಕೈಮುಗಿಯುವಂತೆ ಮುದುಡಿದ್ದ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಮೂರನೆಯದನ್ನು ಹೊಡೆದಳು, ನಾಲ್ಕನೆಯದನ್ನು ಮುಖಕ್ಕೆ. ಹಲ್ಲು ಮುರಿದು ನೆಲಕ್ಕೆ ಬಿದ್ದವು. ಐದನೆಯದಕ್ಕೆ ಎತ್ತಿದ ಕೈಯನ್ನು ಓಡಿ ಬಂದ ಸ್ವಪ್ನಿಲ್ ಹಿಂದಿನಿಂದ ಹಿಡಿದ.

"ಮಾವಶಿ, ಬಸ್! ಮರೇಲ್ ತೋ!" ಸಾಕು, ಸಾಯುತ್ತಾನೆ ಎಂದು.

ಮೇಲೆ ಬಾಗಿಲು ತೆರೆದು ಮಾಧುರಿ ನಿಂತಿದ್ದಳು. ವಿಕ್ರಮ ಬಾಯಲ್ಲಿ ರಕ್ತ ತುಂಬಿಕೊಂಡು, "ಮಾಧುರಿ, ಈಕಿನ ಹಿಡಿ... ನನಗ ಡಾಕ್ಟರ್..." ಅಂದ. ಅವಳು ಅವನ ಪಕ್ಕದಿಂದ ಇಳಿದು ಬಂದು ಪಾರವ್ವನ ಮುಂದೆ ಕೂತು, ತನ್ನ ದುಪಟ್ಟಾದಲ್ಲಿ ಆ ಮುರಿದ ಕೈ ಕಟ್ಟಿದಳು.

ಬಸವಪ್ರಭು ಮಾತು ಉಳಿಸಿಕೊಂಡಿದ್ದ. ಪೊಲೀಸರು ಹದಿನೈದು ನಿಮಿಷಕ್ಕೆ ಬಂದರು. ವಿಕ್ರಮನನ್ನು ಅಂಬುಲೆನ್ಸಿಗೆ ಹಾಕಿ, ಪಾನಾವನ್ನು ಚೀಲಕ್ಕೆ ಹಾಕಿ, ಪಾರವ್ವನನ್ನೂ ಏಳಲು ಹೇಳಿದರು. ಆಸ್ಪತ್ರೆ, ಆಮೇಲೆ ಹೇಳಿಕೆ. ಎಷ್ಟು ಸಲ ಹೊಡೆದೆ ಎಂದು ಒಬ್ಬ ಪೊಲೀಸ ಮರಾಠಿಯಲ್ಲಿ ಕೇಳಿದ. "ಪಾಚ್ವಾ ರಾಹಿಲಾ," ಎಂದಳು. ಐದನೆಯದು ಉಳಿಯಿತು. ಅವನು ಅದನ್ನು ಬರೆದುಕೊಳ್ಳಲಿಲ್ಲ.

ಆದರೆ ಅವಳು ಏಳಲಿಲ್ಲ. ಅವಳ ಬಲಗೈಯಲ್ಲಿ ಹರಿದ ಕೊರಳಪಟ್ಟಿ ಇನ್ನೂ ಸುತ್ತಿಕೊಂಡಿತ್ತು, ಕಾರ್ಡಿನ ಸಮೇತ.

"ಇದು ಇನ್ನೂ ಬಾಗಲಾ ತಗೀತೈತಿ," ಎಂದಳು. "ಮೊದಲ ಇದು ಸಾಯ್ಲಿ. ಆಮ್ಯಾಲ ನನ್ನ ಕೈ."

"ಅವನ್ನ ಹಿಡದಾರಲ್ಲ ಬೇ," ಎಂದ ಬಸವಪ್ರಭು.

"ಅವಂಗ ಜಾಮೀನ ಸಿಗ್ತೈತಿ. ಬಾಯಾರ, ಎಷ್ಟೊತ್ತು?"

ಮಾಧುರಿ ಕೋಣೆಗೆ ಹೋಗಿ ಕುರ್ಚಿ ಎಳೆದುಕೊಂಡಳು. ಸಾಮಾನು ಎಲ್ಲ ಹೊಸ ಮನೆ ಸೇರಿತ್ತು. ಎಣಿಸಿ ನೋಡುವುದು ಉಳಿದಿತ್ತು. ಹಳೆಯದರಲ್ಲಿ ಎಷ್ಟು ಹೆಸರು, ಹೊಸದರಲ್ಲಿ ಎಷ್ಟು, ಪ್ರಣವ ಫೋನಿನಲ್ಲಿ ಒಂದೊಂದಾಗಿ ಹೇಳುತ್ತಿದ್ದ, ಅವಳು ಹೌದು ಹೌದು ಅನ್ನುತ್ತಿದ್ದಳು. ಕೀಲಿಮಣೆಯ ಮೇಲೆ ಪಾರವ್ವನ ರಕ್ತ ಒಂದೆರಡು ಕಡೆ ಹತ್ತಿತು. ಒಂದೂ ಮುಕ್ಕಾಲಿಗೆ ವ್ಯವಸ್ಥೆ ತೆರೆಯಿತು. ಹೊಸ ಡೇಟಾಬೇಸಿನಲ್ಲಿ ಮಾಧುರಿ ಮಾಡಿದ ಮೊದಲ ಬದಲಾವಣೆ ಒಂದೇ ಸಾಲು. ಪಟ್ಟಿ ಬಾಗಿಲುಗಳಿಗೆ ಹೋಯಿತು.

"ಹಚ್ಚಿ ನೋಡ್ರಿ ಪಾರವ್ವಾ."

ಪಾರವ್ವ ಮೆಟ್ಟಿಲ ಬಾಗಿಲಿಗೆ ಕಾರ್ಡು ಹಿಡಿದಳು. ಕೆಂಪು ಬಂತು. ಇನ್ನೊಮ್ಮೆ ಹಿಡಿದಳು. ಕೆಂಪು. ಆಗ ಕೊರಳಪಟ್ಟಿಯನ್ನು ಕಾರ್ಡಿನ ಸಮೇತ ಪೊಲೀಸನ ಕೈಗೆ ಕೊಟ್ಟು, ಗೋಡೆ ಹಿಡಿದು ಮೆಟ್ಟಿಲಿಳಿದಳು. ನಡು ತಿರುವಿನಲ್ಲಿ ಒಂದು ಸಲ ಕೂತು ವಾಂತಿ ಮಾಡಿಕೊಂಡಳು.

ಆಸ್ಪತ್ರೆಯಲ್ಲಿ ಕೈಗೆ ಪ್ಲಾಸ್ಟರು, ಹುಬ್ಬಿಗೆ ಏಳು ಹೊಲಿಗೆ. ನೀಲಿಮಾ ಅಲ್ಲಿಗೆ ಬಂದು ಮಾಧುರಿಯ ಮುಂದೆ ನಿಂತು, ಫೋನ್ ಮಾಡಲು ತನಗೆ ನಾಚಿಕೆಯಾಯಿತು ಎಂದು ಅತ್ತಳು. ಮಾಧುರಿ, "ಅವನ ಕಾರ್ಡು ಕತ್ತರಸ್ಲಿಕ್ಕೆ ನನಗ ನಾಚಿಕಿ ಇರ್ಲಿಲ್ಲಲ್ಲ," ಎಂದು ಕನ್ನಡದಲ್ಲಿ ಅಂದಳು. ನೀಲಿಮಾಳಿಗೆ ತಿಳಿಯಲಿಲ್ಲ, ಯಾರೂ ಅವಳಿಗೆ ಬಿಡಿಸಿ ಹೇಳಲಿಲ್ಲ. ಪೊಲೀಸರು ಸೋಮವಾರ ಮತ್ತೆ ಬಾ ಎಂದರು. ಅವನ ಕಡೆಯವರು ಪಾರವ್ವನ ಮೇಲೂ ದೂರು ಕೊಡುತ್ತಾರೆಂದು ಸ್ವಪ್ನಿಲ್ ಕೇಳಿಕೊಂಡು ಬಂದಿದ್ದ.

"ಕೊಡ್ಲಿ. ಹೊಡದೀನಿ, ಹೊಡದಿಲ್ಲಾ ಅನ್ನೂದಿಲ್ಲ," ಎಂದಳು ಪಾರವ್ವ.

ಮಾಧುರಿ ರಿಕ್ಷಾದಲ್ಲಿ ಖೋಲಿಯವರೆಗೂ ಬಿಟ್ಟು ಹೋದಳು. ಬಾಗಿಲಲ್ಲಿ ಕೂತಿದ್ದ ಅತ್ತೆ ಸೊಸೆಯ ಹುಬ್ಬು ನೋಡಿದಳು, ಕೈ ನೋಡಿದಳು, ಎಡಗೈಯೇ ಎಂದು ಗುರುತಿಸಿದಳು.

"ಮಾಂತು ಬಂದಿದ್ನೇನ?"

"ಅವ ಅಲ್ಲ. ಅವನಂಥಾವ."

"ಹೋದ್ನ?"

"ಹೋದ."

ಅಷ್ಟರಲ್ಲಿ ಗಲ್ಲಿಯಲ್ಲಿ ಕೊಡಗಳ ಸದ್ದೆದ್ದಿತು. ಐದು ಗಂಟೆ, ನಳ ಬಂದಿತ್ತು, ಮುಕ್ಕಾಲು ತಾಸಷ್ಟೇ ಇರುತ್ತದೆ. ಅತ್ತೆ ಪೈಪಿನ ತುದಿಯನ್ನು ಹುಡುಕಿ ನಳಕ್ಕೆ ತುರುಕಿ ಎರಡೂ ಕೈಯಿಂದ ಒತ್ತಿ ಹಿಡಿದಳು. ಪಾರವ್ವ ಪ್ಲಾಸ್ಟರಿನ ಕೈಯನ್ನು ಎದೆಗಾನಿಸಿಕೊಂಡು, ಬಲಗೈಯಿಂದ ಇನ್ನೊಂದು ತುದಿಯನ್ನು ಪೀಪಾಯಿಗೆ ಬಿಟ್ಟಳು. ಪೀಪಾಯಿ ತುಂಬಿತು. ಹಿತ್ತಾಳೆ ಕೊಡಕ್ಕೆ ತಿರುಗಿಸಿದಳು, ಅದು ತುಂಬುವ ಸದ್ದು ಕೊರಳಿಗೆ ಏರುವವರೆಗೂ ಕೇಳುತ್ತ ನಿಂತು, ಚೆಲ್ಲುವ ಮುಂಚೆ ಪೈಪನ್ನು ಬಕೀಟಿಗೆ ಬಿಟ್ಟಳು.